ದಶಮದಲ್ಲಿ ಆರು ಗ್ರಹಗಳು ಸೇರಿದ ಜಾತಕ: ಪ್ರಶ್ನೋತ್ತರ

ಪ್ರಶ್ನೆ

ಗುರುಗಳೇ, ನಾನು ಹುಟ್ಟಿದ್ದು 2000ದ ಮೇ 4ರಂದು ಬೆಳಿಗ್ಗೆ ಸುಮಾರು 11:30ಕ್ಕೆ. ಕಟಕ ಲಗ್ನ 8 ಡಿಗ್ರಿ, ಹತ್ತನೇ ಮನೆಯಾದ ಮೇಷದಲ್ಲಿ ರವಿ, ಚಂದ್ರ, ಬುಧ, ಶುಕ್ರ, ಗುರು, ಶನಿ ಸೇರಿದ್ದಾರೆ. ಇಷ್ಟು ದೊಡ್ಡ ಸ್ಟೆಲಿಯಂ, ಅಂದರೆ ಗ್ರಹಕೂಟ, ಹತ್ತರಲ್ಲಿದ್ದರೆ ಉದ್ಯೋಗದಲ್ಲಿ ಬಹಳ ಎತ್ತರಕ್ಕೆ ಹೋಗುತ್ತಾರೆಂದು ಎಲ್ಲೆಡೆ ಓದಿದ್ದೇನೆ. ನಾನು ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದೇನೆ. ನಾಲ್ಕು ವರ್ಷಗಳಲ್ಲಿ ಮೂರು ಕಡೆ ಕೆಲಸ ಬದಲಾಯಿಸಿದ್ದೇನೆ. ದಿನವಿಡೀ ಕೆಲಸವೇ ಆಗಿದೆ, ಮನೆಯವರಿಗೂ ಬೇಸರ, ಆದರೆ ಆ ಎತ್ತರ ಕಾಣಿಸುತ್ತಿಲ್ಲ. ಇಷ್ಟು ಗ್ರಹಗಳ ಬಲ ಎಲ್ಲಿಗೆ ಹೋಯಿತು?

ಜ್ಯೋತಿಷಿಯ ಉತ್ತರ

ನಮಸ್ಕಾರ ತಾಯಿ. ಮೊದಲು ಒಂದು ವಿಷಯವನ್ನು ತಿಳಿದುಕೊಳ್ಳಿ. ಆ ಮೇ ತಿಂಗಳ ಮೊದಲ ವಾರದಲ್ಲಿ ಚಂದ್ರನು ಮೇಷದಲ್ಲಿದ್ದ ಸುಮಾರು ಎರಡು ದಿನ ಹುಟ್ಟಿದ ಪ್ರತಿಯೊಬ್ಬರಿಗೂ ಈ ಆರು ಗ್ರಹಗಳು ಮೇಷದಲ್ಲಿಯೇ ಇವೆ. ಕೂಟವು ನಿಮ್ಮೊಬ್ಬರದಲ್ಲ, ಅದು ಬಿದ್ದಿರುವ ಮನೆ ಮಾತ್ರ ನಿಮ್ಮದು. ಲಗ್ನವು ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವುದರಿಂದ, ಅದೇ ದಿನ ಸಂಜೆ ತುಲಾ ಲಗ್ನದಲ್ಲಿ ಹುಟ್ಟಿದವರಿಗೆ ಈ ಆರೂ ಗ್ರಹಗಳು ಏಳನೇ ಮನೆಯಲ್ಲಿ ಇರುತ್ತವೆ. ಅವರ ಪ್ರಶ್ನೆ ಉದ್ಯೋಗದ್ದಾಗಿರದೆ ದಾಂಪತ್ಯದ್ದಾಗಿರುತ್ತದೆ.

ಇನ್ನು ಬಲದ ವಿಚಾರ. ಗ್ರಹಗಳ ಸಂಖ್ಯೆಯನ್ನು ಕೂಡಿಸಿ ಬಲವನ್ನು ಅಳೆಯುವ ಪದ್ಧತಿ ಸರಿಯಲ್ಲ. ನಿಮ್ಮ ಕುಂಡಲಿಯಲ್ಲಿ ರವಿ ಮೇಷದ ಸುಮಾರು 20 ಡಿಗ್ರಿಯಲ್ಲಿ ಉಚ್ಚನಾಗಿದ್ದಾನೆ. ಚಂದ್ರ ಅವನಿಂದ ಒಂದು ಡಿಗ್ರಿಯಷ್ಟೇ ಮುಂದೆ ಇದ್ದಾನೆ, ಅಂದರೆ ಅಮಾವಾಸ್ಯೆ ಆಗತಾನೇ ಮುಗಿದಿದೆ. ಗುರು 23ರ ಆಸುಪಾಸಿನಲ್ಲಿ, ಶನಿ 26ರ ಹತ್ತಿರ, ಬುಧ ಸುಮಾರು 14ರಲ್ಲಿ, ಶುಕ್ರ 10ರಲ್ಲಿ. ಗುರುವಿಗೆ 11 ಡಿಗ್ರಿ, ಶನಿಗೆ 15, ಬುಧನಿಗೆ 14, ಚಂದ್ರನಿಗೆ 12ರೊಳಗೆ ರವಿ ಬಂದರೆ ಅಸ್ತಂಗತವೆಂದು ಲೆಕ್ಕ. ಹಾಗಾಗಿ ಈ ನಾಲ್ವರೂ ರವಿಯ ಕಿರಣಗಳೊಳಗೆ ಮುಳುಗಿದ್ದಾರೆ, ಶುಕ್ರನು 10 ಡಿಗ್ರಿಯ ಗಡಿಯಲ್ಲಿ ನಿಂತಿದ್ದಾನೆ. ಹೊರಗಿನಿಂದ ನೋಡಿದರೆ ಆರು ಗ್ರಹಗಳ ಸಭೆ, ಒಳಗೆ ಮಾತನಾಡುತ್ತಿರುವವನು ರವಿಯೊಬ್ಬನೇ.

ಇದರ ಫಲವನ್ನು ಜೀವನದಲ್ಲಿ ಹೀಗೆ ಗುರುತಿಸಬಹುದು. ಗುರುವಿನ ತಿಳಿವಳಿಕೆ, ಬುಧನ ಲೆಕ್ಕಾಚಾರ, ಶನಿಯ ದುಡಿಮೆ ಎಲ್ಲವೂ ನಿಮ್ಮಲ್ಲಿ ಇರುತ್ತವೆ, ಕೆಲಸವೂ ಆಗುತ್ತದೆ, ಆದರೆ ಅದು ಮೇಲಧಿಕಾರಿಯ ಅಥವಾ ಸಂಸ್ಥೆಯ ಹೆಸರಿನಲ್ಲಿ ಹೊರಬರುತ್ತದೆ. ಲಗ್ನಾಧಿಪತಿಯಾದ ಚಂದ್ರನೇ ಕ್ಷೀಣನಾಗಿ ಅಲ್ಲಿರುವುದರಿಂದ ಆಯಾಸವು ಮೈಗೂ ಮನಸ್ಸಿಗೂ ಒಟ್ಟಿಗೇ ತಟ್ಟುತ್ತದೆ. ನೀವು ಸಿದ್ಧಪಡಿಸಿದ ವರದಿಗೆ ಬೇರೆಯವರ ಸಹಿ ಬೀಳುವುದು ಹೆಚ್ಚಾಗಿ ನಡೆದಿದೆಯೇ? ತಿಳಿಸಿ. ನಡೆದಿಲ್ಲವಾದರೆ ನಾನು ಅಸ್ತಂಗತಕ್ಕೆ ಕೊಟ್ಟ ತೂಕವನ್ನು ಕಡಿಮೆ ಮಾಡಬೇಕಾಗುತ್ತದೆ.

ಒಬ್ಬ ಸದಸ್ಯರು

ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಗ್ರಹಗಳು ಒಂದೇ ಮನೆಯಲ್ಲಿದ್ದರೆ ಪ್ರವ್ರಜ್ಯಾ ಯೋಗ, ಅಂದರೆ ಸನ್ಯಾಸ. ಇದು ವರಾಹಮಿಹಿರನೇ ಹೇಳಿದ್ದು. ಈ ತಂಗಿಗೆ ಉದ್ಯೋಗದಲ್ಲಿ ನೆಮ್ಮದಿ ಸಿಗದಿರುವುದಕ್ಕೆ ಅದೇ ಕಾರಣವಾಗಿರಬೇಕು. ಜೊತೆಗೆ ಗುರು ಮತ್ತು ಶನಿಗೆ ಗ್ರಹಯುದ್ಧವೂ ಇದೆಯಲ್ಲವೇ?

ಜ್ಯೋತಿಷಿ

ನೀವು ಹೇಳಿದ ಯೋಗ ಬೃಹಜ್ಜಾತಕದಲ್ಲಿ ಇರುವುದು ನಿಜ. ಆದರೆ ಅಲ್ಲಿ ಆ ಗ್ರಹಗಳು ಬಲಯುತವಾಗಿರಬೇಕೆಂಬ ಷರತ್ತಿದೆ, ಅಸ್ತಂಗತವಾದ ಗ್ರಹವು ದೀಕ್ಷೆಯನ್ನು ಕೊಡುವುದಿಲ್ಲವೆಂಬ ಮಾತೂ ಇದೆ. ಇಲ್ಲಿ ನಾಲ್ಕು ಗ್ರಹಗಳು ಅಸ್ತವಾಗಿರುವಾಗ ಇಪ್ಪತ್ತೈದರ ಹೆಣ್ಣುಮಗಳಿಗೆ ಸನ್ಯಾಸವೆಂದು ಹೇಳಿ ಹೆದರಿಸುವುದು ಸರಿಯಲ್ಲ. ಗ್ರಹಯುದ್ಧಕ್ಕೆ ಎರಡು ಗ್ರಹಗಳ ನಡುವೆ ಒಂದು ಡಿಗ್ರಿಯೊಳಗಿನ ಅಂತರ ಬೇಕು. ಗುರು ಮತ್ತು ಶನಿಗೆ ಇಲ್ಲಿ ಎರಡೂವರೆ ಡಿಗ್ರಿಯಷ್ಟು ಅಂತರವಿದೆ. ಅವರಿಬ್ಬರೂ ಒಂದೇ ಡಿಗ್ರಿಗೆ ಬಂದದ್ದು ಆ ಮೇ ತಿಂಗಳ ಕೊನೆಯಲ್ಲಿ.

ಇನ್ನೊಬ್ಬ ಸದಸ್ಯರು

ನನಗೂ ಏಳರಲ್ಲಿ ರವಿ, ಬುಧ, ಶುಕ್ರ ಮೂವರೂ ಇದ್ದಾರೆ. ನನ್ನದೂ ಸ್ಟೆಲಿಯಂ ಆಯಿತಲ್ಲ? ಮದುವೆ ತಡವಾಗುತ್ತಿರುವುದು ಅದರಿಂದಲೇ ಇರಬಹುದೇ?

ಜ್ಯೋತಿಷಿ

ಬುಧನು ರವಿಯಿಂದ 28 ಡಿಗ್ರಿಗಿಂತ ಹೆಚ್ಚು, ಶುಕ್ರನು 47–48 ಡಿಗ್ರಿಗಿಂತ ಹೆಚ್ಚು ದೂರ ಹೋಗುವುದೇ ಇಲ್ಲ. ಈ ಮೂವರು ಒಂದೇ ರಾಶಿಯಲ್ಲಿ ಸಿಗುವುದು ತೀರ ಸಾಮಾನ್ಯ, ಅದನ್ನು ವಿಶೇಷ ಕೂಟವೆಂದು ನಾನು ಎಣಿಸುವುದಿಲ್ಲ. ಗುರು, ಶನಿ, ಕುಜರಲ್ಲಿ ಒಬ್ಬರಾದರೂ ಜೊತೆಗೆ ಸೇರಿದಾಗ ಮಾತ್ರ ಆ ಮನೆಯ ಕಡೆ ಹೆಚ್ಚಿನ ಗಮನ ಕೊಡುತ್ತೇನೆ. ನಿಮ್ಮ ಮದುವೆಯ ಪ್ರಶ್ನೆಯನ್ನು ಲಗ್ನ, ಸಪ್ತಮಾಧಿಪತಿ ಮತ್ತು ನಡೆಯುತ್ತಿರುವ ದಶೆಯ ಸಹಿತ ಬೇರೆಯಾಗಿ ಕೇಳಿ.

ಪ್ರಶ್ನೆ ಕೇಳಿದವರು

ಮೊದಲ ಎರಡು ಕಡೆ ನೀವು ಹೇಳಿದಂತೆಯೇ ಆಗಿತ್ತು. ನಾನು ರಾತ್ರಿಯೆಲ್ಲ ಕೂತು ತಾಳೆ ನೋಡಿದ ಲೆಕ್ಕವನ್ನು ಮೇಲಿನವರು ತಮ್ಮದೆಂದು ಒಪ್ಪಿಸಿದ್ದರು. ಈಗಿರುವ ಕಡೆ ಹಾಗಿಲ್ಲ, ಇಲ್ಲಿನ ಮೇಲಧಿಕಾರಿಗಳು ನನ್ನ ಹೆಸರನ್ನು ಹೇಳಿಯೇ ಹೇಳುತ್ತಾರೆ. ಮನೆಯ ಬೇಸರಕ್ಕೂ ಈ ಕೂಟಕ್ಕೂ ಸಂಬಂಧವಿದೆಯೇ?

ಜ್ಯೋತಿಷಿ

ಸಂಬಂಧವಿದೆ, ನಿಮ್ಮ ಜಾತಕದಲ್ಲಿ ನನಗೆ ಮುಖ್ಯವಾಗಿ ಕಾಣುವುದೂ ಅದೇ. ದಶಮದಲ್ಲಿ ಕುಳಿತ ಗ್ರಹಗಳು ಯಾವ ಯಾವ ಮನೆಗಳ ಅಧಿಪತಿಗಳೆಂದು ನೋಡಿ. ಚಂದ್ರ ಲಗ್ನಕ್ಕೆ, ರವಿ ಎರಡಕ್ಕೆ, ಬುಧ ಮೂರು ಮತ್ತು ಹನ್ನೆರಡಕ್ಕೆ, ಶುಕ್ರ ನಾಲ್ಕು ಮತ್ತು ಹನ್ನೊಂದಕ್ಕೆ, ಗುರು ಆರು ಮತ್ತು ಒಂಬತ್ತಕ್ಕೆ, ಶನಿ ಏಳು ಮತ್ತು ಎಂಟಕ್ಕೆ. ಹಣ, ತಾಯಿ, ತಂದೆ, ಮದುವೆ, ನಿದ್ದೆ, ಕೊನೆಗೆ ನಿಮ್ಮ ದೇಹ ಕೂಡ ತಮ್ಮ ತಮ್ಮ ಮನೆ ಬಿಟ್ಟು ಬಂದು ಉದ್ಯೋಗದ ಮನೆಯಲ್ಲಿ ಕುಳಿತಿವೆ. ಆದ್ದರಿಂದ ಜೀವನದ ಯಾವ ವಿಷಯ ಬಂದರೂ ಅದು ಕೆಲಸದ ಮೂಲಕವೇ ಹಾದು ಬರುತ್ತದೆ. ಮದುವೆಯ ಮಾತು ಬಂದರೆ ವರ್ಗಾವಣೆಯ ಮಾತು ಬರುತ್ತದೆ, ಊಟ ನಿದ್ದೆಗಳ ಹೊತ್ತನ್ನು ಕಚೇರಿಯೇ ಗೊತ್ತುಮಾಡುತ್ತದೆ. ಒಂದು ಮನೆಯಲ್ಲಿ ಶಕ್ತಿ ಕೇಂದ್ರೀಕೃತವಾಯಿತು ಎನ್ನುವಾಗ ಆ ಮನೆ ಗೆದ್ದಿತೆಂದೇ ಅರ್ಥವಲ್ಲ, ಬೇರೆ ಮನೆಗಳ ಹೊರೆಯೂ ಅದರ ಮೇಲೆ ಬಿದ್ದಿರುತ್ತದೆ. ಜೊತೆಗೆ ಈ ಆರು ಗ್ರಹಗಳ ಏಳನೇ ದೃಷ್ಟಿ ಒಟ್ಟಾಗಿ ಬೀಳುವುದು ನಾಲ್ಕನೇ ಮನೆಯ ಮೇಲೆ, ಅಂದರೆ ಗೃಹಸುಖದ ಮೇಲೆ. ಮನೆಯವರ ಬೇಸರವನ್ನು ನಾನು ಅಲ್ಲಿಂದ ಓದುತ್ತೇನೆ. ಶನಿಯು ತನ್ನ ಹತ್ತನೇ ದೃಷ್ಟಿಯಿಂದ ಸ್ವಂತ ಮನೆಯಾದ ಸಪ್ತಮವನ್ನು ನೋಡುತ್ತಿರುವುದರಿಂದ ಮದುವೆಯ ಬಗ್ಗೆ ನಾನು ನಿರಾಶೆಯ ಮಾತು ಹೇಳುವುದಿಲ್ಲ, ತಡವೆಂದಷ್ಟೇ ಹೇಳುತ್ತೇನೆ.

ಇಷ್ಟು ಜನ ಸೇರಿದ ಮನೆಯಲ್ಲಿ ಯಜಮಾನ ಎಲ್ಲಿದ್ದಾನೆಂಬುದನ್ನು ನೋಡದೆ ಫಲ ಹೇಳಬಾರದು. ಮೇಷಾಧಿಪತಿಯಾದ ಕುಜ ಈ ಗುಂಪಿನಲ್ಲಿಲ್ಲ. ಅವನು ಹನ್ನೊಂದನೇ ಮನೆಯಾದ ವೃಷಭದಲ್ಲಿ, ರವಿಯಿಂದ ಸುಮಾರು 16 ಡಿಗ್ರಿ ದೂರದಲ್ಲಿ, 17 ಡಿಗ್ರಿಯ ಅಸ್ತದ ಗಡಿಯ ಸ್ವಲ್ಪವೇ ಒಳಗೆ ಇದ್ದಾನೆ. ವೃಷಭಾಧಿಪತಿ ಶುಕ್ರ ಮೇಷದಲ್ಲಿ ಇರುವುದರಿಂದ ದಶಮ ಮತ್ತು ಲಾಭದ ಅಧಿಪತಿಗಳಿಗೆ ಪರಿವರ್ತನೆಯೂ ಆಗಿದೆ. ಕಟಕ ಲಗ್ನಕ್ಕೆ ಕುಜನೇ ಯೋಗಕಾರಕ. ಈ ಕೂಟದ ಕೀಲಿಕೈ ಕೂಟದ ಹೊರಗೆ ಇದೆ.

ಈಗ ದಶೆಯನ್ನು ನೋಡಿ. ಭರಣಿಯ ಚಂದ್ರನಾದ್ದರಿಂದ ಹುಟ್ಟುವಾಗ ಶುಕ್ರ ದಶೆ, ಆಮೇಲೆ ರವಿ, ಆಮೇಲೆ ಚಂದ್ರ. 2024ರ ಮಧ್ಯದವರೆಗೂ ನೀವು ಕೂಟದ ಒಳಗಿನ ಗ್ರಹಗಳ ದಶೆಯಲ್ಲಿಯೇ ಇದ್ದಿರಿ. ಅಲ್ಲಿಂದ 2031ರ ಮಧ್ಯದವರೆಗೆ ಕುಜ ದಶೆ. ಈಗಿನ ಕಡೆ ನಿಮ್ಮ ಹೆಸರು ಕೇಳಿಬರುತ್ತಿರುವುದು ಇದಕ್ಕೆ ಹೊಂದುತ್ತದೆ. ಆ ಕೆಲಸಕ್ಕೆ ಸೇರಿದ್ದು ಯಾವಾಗ?

ಪ್ರಶ್ನೆ ಕೇಳಿದವರು

2024ರ ನವೆಂಬರ್‌ನಲ್ಲಿ ಸೇರಿದೆ. ಹಾಗಾದರೆ ನಾನು ಮಾಣಿಕ್ಯ ಧರಿಸಬಹುದೇ?

ಜ್ಯೋತಿಷಿ

ಬೇಡ. ಮಾಣಿಕ್ಯ ರವಿಯ ರತ್ನ. ರವಿ ಈಗಾಗಲೇ ಉಳಿದವರನ್ನು ಅಡಗಿಸಿ ಕುಳಿತಿದ್ದಾನೆ, ಅವನಿಗೆ ಇನ್ನೂ ಬಲ ಕೊಡುವುದರಲ್ಲಿ ಅರ್ಥವಿಲ್ಲ.

ಗುಂಪಿನ ಹಿರಿಯ ಸದಸ್ಯರು

ನಾನೂ ಬಹಳ ಕಾಲದಿಂದ ಜಾತಕ ನೋಡುತ್ತಿರುವವನು. ರಾಶಿ ಕುಂಡಲಿಯೊಂದನ್ನೇ ನೋಡಿ ಆರು ಗ್ರಹಗಳೂ ದಶಮದಲ್ಲಿವೆ ಎಂದು ನೀವು ತೀರ್ಮಾನಿಸಿರುವುದನ್ನು ನಾನು ಒಪ್ಪಲಾರೆ. ಲಗ್ನ ಕಟಕದ 8 ಡಿಗ್ರಿಯಾದರೆ ದಶಮಭಾವದ ಮಧ್ಯವೂ ಮೇಷದ 8ರ ಸುಮಾರಿಗೆ ಬರುತ್ತದೆ, ಹತ್ತು ಮತ್ತು ಹನ್ನೊಂದರ ಭಾವಸಂಧಿ 23ರ ಹತ್ತಿರ ಬೀಳುತ್ತದೆ. ಹಾಗಾದರೆ ಶನಿ ಲಾಭಭಾವಕ್ಕೆ ಹೋದ, ಗುರು ಸಂಧಿಯಲ್ಲಿ ಸಿಕ್ಕಿಕೊಂಡ. ಜನನಕಾಲ ಐದು ನಿಮಿಷ ಅತ್ತಿತ್ತ ಆದರೂ ಲಗ್ನ ಒಂದು ಡಿಗ್ರಿಗಿಂತ ಹೆಚ್ಚು ಸರಿದು ಗುರುವಿನ ಭಾವವೇ ಬದಲಾಗುತ್ತದೆ. ‘ಸುಮಾರು 11:30’ ಎಂಬ ಸಮಯದ ಮೇಲೆ ಇಷ್ಟು ಖಚಿತವಾಗಿ ಹೇಳುವುದು ಹೇಗೆ? 1962ರ ಫೆಬ್ರವರಿಯಲ್ಲಿ ಮಕರದಲ್ಲಿ ಅಷ್ಟಗ್ರಹ ಕೂಟವಾದಾಗ ಪ್ರಳಯವೇ ಆಗುತ್ತದೆಂದು ಜನ ಯಜ್ಞಗಳನ್ನು ಮಾಡಿಸಿದರು, ಏನೂ ಆಗಲಿಲ್ಲ. ರಾಶಿಯಲ್ಲಿ ಕೂಡಿದ್ದನ್ನು ಕಂಡ ಕೂಡಲೇ ದೊಡ್ಡ ಮಾತು ಹೇಳಬಾರದೆಂದು ನಾನು ಅಂದಿನಿಂದ ನಂಬಿದ್ದೇನೆ.

ಜ್ಯೋತಿಷಿ

ನಿಮ್ಮ ಆಕ್ಷೇಪಕ್ಕೆ ಆಧಾರವಿದೆ. ಅಧಿಪತ್ಯ, ದೃಷ್ಟಿ ಮತ್ತು ಯೋಗಗಳನ್ನು ನಾನು ರಾಶಿಯಿಂದಲೇ ನೋಡುತ್ತೇನೆ, ಭಾವಮಧ್ಯದಿಂದ ಮನೆಗಳನ್ನು ಎಣಿಸುವ ಚಲಿತ ಕುಂಡಲಿಯನ್ನು ಫಲ ಯಾವ ಕಡೆ ವಾಲುತ್ತದೆಂದು ತಿಳಿಯಲು ಮಾತ್ರ ಬಳಸುತ್ತೇನೆ. ಅಸ್ತಂಗತದ ವಿಚಾರವು ಭಾವಸಂಧಿಯಿಂದ ಬದಲಾಗುವುದಿಲ್ಲ. ಶನಿಯ ಸ್ಥಾನವನ್ನು ಮಾತ್ರ ನಡೆದ ಘಟನೆಗಳಿಂದ ಪರೀಕ್ಷಿಸಬಹುದು. ತಾಯಿ, ಚಂದ್ರ ದಶೆಯ ಒಳಗಿನ ಚಿಕ್ಕ ಅವಧಿಯಾದ ಶನಿ ಭುಕ್ತಿ ಸುಮಾರು 2018ರ ಕೊನೆಯಿಂದ 2020ರ ಆರಂಭದವರೆಗೆ ನಡೆದಿದೆ. ಆಗ ಕೆಲಸಕ್ಕೆ ಸಂಬಂಧಿಸಿದ ಘಟನೆ ನಡೆಯಿತೋ, ಇಲ್ಲವೇ ಅಣ್ಣ ಅಥವಾ ಅಕ್ಕ, ಗೆಳೆಯರ ಬಳಗ, ಆದಾಯ ಇವುಗಳಿಗೆ ಸಂಬಂಧಿಸಿದ್ದೋ?

ಪ್ರಶ್ನೆ ಕೇಳಿದವರು

ಆಗ ನಾನು ಬಿ.ಕಾಂ. ಓದುತ್ತಿದ್ದೆ. 2019ರಲ್ಲಿ ಅಣ್ಣನ ಮದುವೆಯಾಯಿತು. ಅದೇ ವರ್ಷ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಸಂಜೆಯ ಹೊತ್ತು ಕೆಲಸಕ್ಕೂ ಸೇರಿದೆ, ಮೊದಲ ಸಂಬಳ ಬಂದದ್ದೂ ಆಗಲೇ.

ಹಿರಿಯ ಸದಸ್ಯರು

ಅಣ್ಣನ ಮದುವೆ ಮತ್ತು ಮೊದಲ ಸಂಬಳ, ಎರಡೂ ಹನ್ನೊಂದರ ವಿಷಯಗಳೇ.

ಜ್ಯೋತಿಷಿ

ಮೊದಲ ಕೆಲಸ ಹತ್ತರದ್ದು. ಮದುವೆಯ ವಿಚಾರ ಸಪ್ತಮಾಧಿಪತಿಯ ಭುಕ್ತಿಯಿಂದಲೂ ಬರಬಹುದು. ಈ ಒಂದು ಭುಕ್ತಿಯಿಂದ ತೀರ್ಮಾನ ಆಗುವುದಿಲ್ಲ. ತಾಯಿ, ಆಸ್ಪತ್ರೆಯ ದಾಖಲೆಯಲ್ಲಿ ಹುಟ್ಟಿದ ನಿಮಿಷವನ್ನು ಬರೆದಿದ್ದರೆ ಹುಡುಕಿ ಹಾಕಿ. ಅದು ಸಿಕ್ಕರೆ ಗುರು ಸಂಧಿಯ ಯಾವ ಕಡೆ ಇದ್ದಾನೆಂಬುದನ್ನು ನಾವಿಬ್ಬರೂ ಮತ್ತೊಮ್ಮೆ ಲೆಕ್ಕ ಹಾಕುತ್ತೇವೆ.