ಆಫರ್ ಒಪ್ಪಿದವರು ಕೆಲಸಕ್ಕೆ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಮಡಿಕೇರಿ ಹತ್ತಿರದ ರೆಸಾರ್ಟ್ ಒಂದರ ಎಚ್‌ಆರ್): ಹೋದ ವರ್ಷ ಮೂರು ಕಾಲೇಜಿಗೆ ಹೋಗಿ ಫೆಬ್ರವರಿಯಲ್ಲಿ ಆಫರ್ ಕೊಟ್ವಿ. ಫ್ರಂಟ್ ಆಫೀಸ್ ಮತ್ತು ರೆಸ್ಟೋರೆಂಟ್ ಕೆಲಸಕ್ಕೆ. 26 ಜನ ಸಹಿ ಹಾಕಿದ್ರು. ಜುಲೈ 20ಕ್ಕೆ ಸೇರಬೇಕಿತ್ತು, ಬಂದಿದ್ದು 11 ಜನ. ಈ ಸಲ 15 ಜನ ಬೇಕೇ ಬೇಕು. ಯಾವ ಕಾಲೇಜಿಗೆ ಹೋಗ್ಲಿ, ಕೈಕೊಡದ ಹಾಗೆ ಹೇಗೆ ನೋಡ್ಕೊಳ್ಳಲಿ?

ಕುಶಾಲನಗರದ ಸದಸ್ಯರು: ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸ್ಕೊಂಡು ಇಟ್ಕೊಳ್ಳಿ, ತಾನಾಗೇ ಬರ್ತಾರೆ. ಇನ್ನೊಂದು, ಫೆಬ್ರವರಿಯಿಂದ ಜುಲೈ ತನಕ ಸುಮ್ನೆ ಬಿಟ್ರೆ ಯಾರು ಕಾಯ್ತಾರೆ?

ಮೈಸೂರಿನ ನೇಮಕಾತಿ ಸಲಹೆಗಾರರು: ಎರಡನೇ ಮಾತು ಸರಿ ಸರ್, ಮೊದಲನೆಯದು ಬೇಡ. ಮಕ್ಕಳ ದಾಖಲೆ ಹಿಡಿದಿಟ್ಟುಕೊಳ್ಳೋದು ತಪ್ಪು. ಆ ಸುದ್ದಿ ಪ್ಲೇಸ್‌ಮೆಂಟ್ ಆಫೀಸರ್ ಕಿವಿಗೆ ಬಿದ್ರೆ ಮುಂದಿನ ವರ್ಷ ಕಾಲೇಜಿನ ಬಾಗಿಲೂ ಮುಚ್ಚುತ್ತೆ. ಮೇಡಂ, ಆ 26ರಲ್ಲಿ ಯಾವ ಕಾಲೇಜಿನವರು ಎಷ್ಟು ಜನ, ಎಷ್ಟು ಜನ ಸೇರಿದ್ರು ಹೇಳ್ತೀರಾ?

ಪ್ರಶ್ನೆ ಕೇಳಿದವರು: ದಕ್ಷಿಣ ಕೊಡಗಿನ ಡಿಗ್ರಿ ಕಾಲೇಜಲ್ಲಿ 8 ಜನ ಒಪ್ಪಿದ್ರು, 6 ಜನ ಬಂದ್ರು. ಮೈಸೂರಿನ ಕಾಲೇಜಲ್ಲಿ 10ಕ್ಕೆ 4. ಮಂಗಳೂರಿನ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಲ್ಲಿ 8ಕ್ಕೆ ಒಬ್ಬರೇ. ಆದ್ರೆ ಇಂಟರ್‌ವ್ಯೂನಲ್ಲಿ ಎಲ್ಲರಿಗಿಂತ ಚೆನ್ನಾಗಿದ್ದವರು ಮಂಗಳೂರಿನವರೇ.

ಸಲಹೆಗಾರರು: ಅದಕ್ಕೇ ಅವರು ಬರಲಿಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರನ್ನ ಬೆಂಗಳೂರಿನ ದೊಡ್ಡ ಹೋಟೆಲು, ಗಲ್ಫ್, ಕ್ರೂಸ್ ಹಡಗು ಎಲ್ಲವೂ ಕರೆಯುತ್ತೆ. ನಿಮ್ಮ ಆಫರ್ ಅವರಿಗೆ ಕೈಯಲ್ಲಿರಲಿ ಅನ್ನೋ ಕಾಗದ. ಹಾಗಾಗಿ ಇಂಟರ್‌ವ್ಯೂ ಅಂಕಕ್ಕಿಂತ ಆ ಕಾಲೇಜಿಂದ ಎಷ್ಟು ಜನ ಸೇರಿದ್ರು ಅನ್ನೋದನ್ನ ನೋಡಿ. ದಕ್ಷಿಣ ಕೊಡಗಿನಲ್ಲಿ 12 ಜನ ಒಪ್ಪಿದ್ರೆ ಇದೇ ಲೆಕ್ಕದಲ್ಲಿ 9 ಜನ ಬರ್ತಾರೆ, ಮೈಸೂರಲ್ಲಿ 10 ಒಪ್ಪಿದ್ರೆ 4. ಅಲ್ಲಿಗೆ 13. ಉಳಿದ ಇಬ್ಬರಿಗಾಗಿ ನಾಲ್ಕೈದು ಜನರ ವೇಟಿಂಗ್ ಲಿಸ್ಟ್ ಇಟ್ಕೊಳ್ಳಿ, ನೀವು ವೇಟಿಂಗ್‌ನಲ್ಲಿದ್ದೀರಿ ಅಂತ ಅವರಿಗೂ ಹೇಳಿಬಿಡಿ. ಆದ್ರೆ 8ಕ್ಕೆ 6 ಅನ್ನೋದು ಒಂದೇ ವರ್ಷದ ಚಿಕ್ಕ ಸಂಖ್ಯೆ, ಪೂರ್ತಿ ನಂಬಬೇಡಿ.

ಇನ್ನು ಜುಲೈ 20. ಅದು ಕೊಡವರ ಕಕ್ಕಡ ತಿಂಗಳು ಶುರುವಾಗಿ ಎರಡು ಮೂರು ದಿನ ಆಗಿರೋ ಹೊತ್ತು. ಆ ತಿಂಗಳಲ್ಲಿ ಹೊಸದೇನೂ ಶುರು ಮಾಡೋದು ಬೇಡ ಅನ್ನೋ ಮನೆಗಳು ಕೊಡಗಲ್ಲಿ ತುಂಬಾ ಇವೆ, ಹೊರಗಿನವರಿಗೂ ಆಷಾಢದ ಹಿಂಜರಿಕೆ ಇರುತ್ತೆ. ಮೇಲೆ ಜಡಿಮಳೆ, ಮೈಸೂರಿಂದ ಬರೋಕೆ ರೈಲೂ ಇಲ್ಲ. ಮಗಳ ಟ್ರಂಕ್ ಹೊತ್ಕೊಂಡು ಆ ಮಳೇಲಿ ಬಿಟ್ಟು ಹೋಗೋಕೆ ಯಾವ ಅಪ್ಪ ಒಪ್ತಾರೆ? ಕಕ್ಕಡ ಮುಗಿದ ಮೇಲೆ, ಆಗಸ್ಟ್ ಕೊನೆ ವಾರ ಇಟ್ಟು ನೋಡಿ.

ಪೊನ್ನಂಪೇಟೆಯ ಪೋಷಕರು: ನನ್ನ ಮಗನಿಗೆ ಒಂದು ಕಂಪನಿ ಆಫರ್ ಕೊಟ್ಟು, ಸೇರೋ ತಾರೀಖು ಮುಂದೆ ಹಾಕ್ತಾನೇ ಇದೆ. ಬೇರೆ ಕಡೆ ಹೋಗೋಕೂ ಧೈರ್ಯ ಬರ್ತಿಲ್ಲ. ಮಕ್ಕಳೇ ಕೈಕೊಡ್ತಾರೆ ಅಂತ ಯಾಕೆ ಬರೀತೀರಿ?

ಸಲಹೆಗಾರರು: ಅಣ್ಣ, ಇಲ್ಲಿ ಕೇಳಿದ್ದು ಬೇರೆ ವಿಷಯ. ಆದ್ರೆ ನಿಮ್ಮ ಮಗ ಹೊಸ ತಾರೀಖನ್ನ ಇಮೇಲಲ್ಲಿ ಬರೆದು ಕೊಡಿ ಅಂತ ಕೇಳಲಿ. ಬರೆದು ಕೊಡದಿದ್ರೆ ಬೇರೆ ಇಂಟರ್‌ವ್ಯೂಗೆ ಧಾರಾಳವಾಗಿ ಹೋಗಲಿ.

ಮೇಡಂ, ಮುಂದೆ ಹಾಕೋದಿದ್ರೆ ನೀವೂ ಅದನ್ನ ಆಫರ್ ಕೊಡೋ ದಿನವೇ ಹೇಳಿ, ನಡುವೆ ಬದಲಾಯಿಸಬೇಡಿ. ಆಫರ್ ಕೊಟ್ಟು ಸೇರೋ ತನಕದ ತಿಂಗಳುಗಳಲ್ಲಿ "ಬರ್ತೀರಾ?" ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ಅದರ ಬದಲು ಅವರು ಏನಾದ್ರೂ ಮಾಡಬೇಕಾದ ಕೆಲಸ ಕೊಡಿ. ಏಪ್ರಿಲಲ್ಲಿ ಯೂನಿಫಾರ್ಮ್ ಅಳತೆ ಕೇಳಿ. ಪರೀಕ್ಷೆ ಮುಗಿದ ಮೇಲೆ ಹಾಸ್ಟೆಲ್ ರೂಮಲ್ಲಿ ಯಾರ ಜೊತೆ ಇರ್ತೀರಿ ಅಂತ ಕೇಳಿ, ಆಮೇಲೆ ಬ್ಯಾಂಕ್ ಪಾಸ್‌ಬುಕ್ ಪ್ರತಿ. ಅಳತೆಯನ್ನೇ ಎರಡು ವಾರವಾದ್ರೂ ಕಳಿಸದವರು ಹೆಚ್ಚುಕಮ್ಮಿ ಬರಲ್ಲ ಅಂತ ಲೆಕ್ಕ ಹಾಕಿ, ಫೋನ್ ಮಾಡಿ ನೇರವಾಗಿ ಕೇಳಿ. "ಬರದಿದ್ರೂ ಬೇಜಾರಿಲ್ಲ, ಈಗಲೇ ಹೇಳಿ" ಅಂದ್ರೆ ನಿಜ ಹೇಳ್ತಾರೆ. ಜೂನಲ್ಲೇ ಗೊತ್ತಾದ್ರೆ ವೇಟಿಂಗ್‌ನವರನ್ನ ಕರೀಬಹುದು.

ಪ್ರಶ್ನೆ ಕೇಳಿದವರು: ಆಗಸ್ಟ್ ಕೊನೆ ಅಂದ್ರೆ ದಸರಾ ಸೀಸನ್‌ಗೆ ತರಬೇತಿ ಮುಗಿಯಲ್ಲ ಅಂತಾರೆ ನಮ್ಮ ಜಿಎಂ. ಹುತ್ತರಿಗೆ ರಜೆ ಕೊಡ್ತೀರಾ ಅಂತಲೂ ಹೋದ ವರ್ಷ ಸುಮಾರು ಜನ ಕೇಳಿದ್ರು, ನಾವು ಉತ್ತರ ಕೊಟ್ಟಿರಲಿಲ್ಲ.

ಸಲಹೆಗಾರರು: ಹುತ್ತರಿ ರಜೆಗೆ ಉತ್ತರ ಸಿಗದಿದ್ದುದೂ ಒಂದು ಕಾರಣ ಇರಬಹುದು. ಅರ್ಧ ತಂಡಕ್ಕೆ ಹಬ್ಬದ ದಿನ, ಉಳಿದ ಅರ್ಧಕ್ಕೆ ಮಾರನೇ ದಿನ ಅಂತ ಮೊದಲ ಸಭೆಯಲ್ಲೇ ಹೇಳಿ. ಊಟ, ಹಾಸ್ಟೆಲ್ ಕಳೆದು ಕೈಗೆ ಬರೋ ಸಂಬಳವನ್ನೂ ಅಲ್ಲೇ ಬೋರ್ಡ್ ಮೇಲೆ ಬರೀರಿ. ತಾರೀಖಿಗೆ ಒಂದು ದಾರಿ: ಕೊಡಗಿನವರಲ್ಲಿ ಒಪ್ಪಿದವರನ್ನ ಜುಲೈ 10ರ ಒಳಗೆ, ಕಕ್ಕಡಕ್ಕೆ ಮುಂಚೆ ಸೇರಿಸಿಕೊಳ್ಳಿ, ಉಳಿದವರು ಆಗಸ್ಟಲ್ಲಿ. ಆದ್ರೆ ಅಷ್ಟೊತ್ತಿಗೆ ಆರನೇ ಸೆಮಿಸ್ಟರ್ ಪರೀಕ್ಷೆ ಮುಗಿದಿರುತ್ತಾ ಅಂತ ಕಾಲೇಜಲ್ಲಿ ಕೇಳ್ಕೊಂಡೇ ತಾರೀಖು ಬರೀರಿ.

ಪ್ರಶ್ನೆ ಕೇಳಿದವರು: ಜಿಎಂ ಹತ್ರ ಸೋಮವಾರ ಮಾತಾಡ್ತೀನಿ ಸರ್. ಎರಡು ಬ್ಯಾಚ್ ಅಂದ್ರೆ ಟ್ರೇನರ್ ಖರ್ಚು ಎರಡು ಸಲ, ಅದನ್ನ ಒಪ್ತಾರೋ ಇಲ್ವೋ ನೋಡಬೇಕು.