ಸಹಾಯ ಬೇಕು: ಎಂಡಿ ಮಾಡಿದ ಮೋಸಕ್ಕೆ ನನ್ನ ವಿಮೆಯೂ ಹೋಗುತ್ತಾ?

ನಾನೊಂದು ಕಂಪನಿಯಲ್ಲಿ ಸ್ವತಂತ್ರ ನಿರ್ದೇಶಕ. ಎಂಡಿ ಸುಳ್ಳು ಬಿಲ್ ತೋರಿಸಿ ಹಣ ಹೊಡೆದರು ಅಂತ ಷೇರುದಾರರು ಕೇಸ್ ಹಾಕಿದ್ದಾರೆ. ಲೆಕ್ಕಪತ್ರಕ್ಕೆ ಸಹಿ ಹಾಕಿದ್ದಕ್ಕೆ ನಾನೂ ಪ್ರತಿವಾದಿ. ನಿರ್ದೇಶಕರು, ಅಧಿಕಾರಿಗಳ ಮೇಲೆ ಕೇಸ್ ಬಿದ್ದರೆ ರಕ್ಷಣೆ ಕೊಡುವ ನಮ್ಮ ಡಿ ಅಂಡ್ ಒ ಪಾಲಿಸಿ ಅಪ್ರಾಮಾಣಿಕ ಕೃತ್ಯಕ್ಕೆ ರಕ್ಷಣೆ ಕೊಡಲ್ಲ, ಆದರೆ ಅದು 'ಅಂತಿಮ ತೀರ್ಪಿನಲ್ಲಿ ಸಾಬೀತಾದರೆ' ಮಾತ್ರ. ಹಾಗಾಗಿ ಸದ್ಯಕ್ಕೆ ಎಂಡಿಯ ವಕೀಲರ ಫೀಸನ್ನೂ ವಿಮಾ ಕಂಪನಿಯೇ ಕಟ್ಟುತ್ತಿದೆ. ಸಾಬೀತಾದರೆ ವಾಪಸ್ ಕೇಳುತ್ತಾರಂತೆ. ಹೊಟ್ಟೆ ಉರಿಯೋದು ಇಲ್ಲೇ: ಪರಿಹಾರದ ಮಿತಿ ಒಂದೇ, ಇಬ್ಬರಿಗೂ ಅದರಲ್ಲೇ ಪಾಲು.

ಒಬ್ಬರ ಕೃತ್ಯವನ್ನು ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ ಎಂಬ ಷರತ್ತೂ ಇದೆ. ಆದರೆ ಪಾಲಿಸಿ ಕೊಳ್ಳುವಾಗ ತುಂಬಿದ ಪ್ರಪೋಸಲ್ ಫಾರಂಗೆ ಸಹಿ ಹಾಕಿದ್ದು ಅದೇ ಎಂಡಿ! ಅದರಲ್ಲಿ ಸುಳ್ಳಿದ್ದರೆ ಪಾಲಿಸಿಯನ್ನೇ ರದ್ದು ಮಾಡುತ್ತಾರಾ, ಇಲ್ಲ ಆ ಷರತ್ತು ಫಾರಂಗೂ ಅನ್ವಯಿಸುತ್ತಾ? ಇಂಥ ಕ್ಲೇಮ್ ನೋಡಿದವರು ಪಾಲಿಸಿಯ ಯಾವ ಭಾಗ ಓದಬೇಕು ಹೇಳಿ.