ಪದ ಬೇಕು: 'ನಾರ್ಮಲೈಜೇಶನ್'ಗೆ ಕನ್ನಡ? (ಫ್ಲೆಕ್ಸ್ ಇವತ್ತೇ ಪ್ರಿಂಟ್‌ಗೆ ಹೋಗಬೇಕು)

ಭೀಮಾತೀರ, ಯಾದಗಿರಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಒಂದು ಫ್ಲೆಕ್ಸ್ ಮಾಡಿಸುತ್ತಿದ್ದೇನೆ. ರಿಲೇಶನಲ್ ಡೇಟಾಬೇಸ್‌ನ ಟೇಬಲ್ ಒಂದನ್ನು 1ನೇ ನಾರ್ಮಲ್ ಫಾರ್ಮ್‌ನಿಂದ 3ನೆಯದರವರೆಗೆ ಒಯ್ಯುವ ಚಿತ್ರ. ಹುಡುಗರಿಗೆ ಗೊತ್ತಿರುವ ಅಡತ್ ಅಂಗಡಿಯ ಪಟ್ಟಿಯನ್ನೇ ತಗೊಂಡಿದ್ದೇನೆ. ಹೆಸರು, ದರ ಎಲ್ಲ ನಾನೇ ಬರೆದದ್ದು.

```
ಪಟ್ಟಿ | ದಿನ   | ರೈತ | ಹೆಸರು  | ಊರು    | ತಾಲ್ಲೂಕು | ಮಾಲು, ಚೀಲ, ದರ
101 | 06-01 | ರೈ4 | ಮಲ್ಲಪ್ಪ | ಕೊಡೇಕಲ್ | ಹುಣಸಗಿ  | ತೊಗರಿ 12 @7400; ಹೆಸರು 5 @7900
102 | 06-01 | ರೈ9 | ಶರಣಮ್ಮ | ವಡಗೇರಾ | ವಡಗೇರಾ | ತೊಗರಿ 8 @7250
103 | 07-01 | ರೈ4 | ಮಲ್ಲಪ್ಪ | ಕೊಡೇಕಲ್ | ಸುರಪುರ  | ತೊಗರಿ 3 @7310
```

ತಲೆಬರಹಕ್ಕೆ 'ಸಾಮಾನ್ಯೀಕರಣ' ಅಂತ ಹಾಕಿದ್ದೆ. ನಮ್ಮ ಗಣಿತದ ಸರ್ ನೋಡಿ, "ಅದು ಜನರಲೈಜೇಶನ್ ಅಲ್ವಾ?" ಅಂದರು. 'ಪ್ರಮಾಣೀಕರಣ' ಅಂದರೆ ಸರ್ಟಿಫಿಕೇಟ್ ಕೊಟ್ಟ ಹಾಗಾಗುತ್ತದೆ. ಟೇಬಲ್‌ನ ಸಾಲನ್ನು ಗುರುತಿಸುವ 'ಕೀ'ಗೂ ಒಂದು ಪದ ಬೇಕು. ಫ್ಲೆಕ್ಸ್ ಅಂಗಡಿಯವರು 5 ಗಂಟೆವರೆಗೆ ಕಾಯುತ್ತಾರಂತೆ. ದಯವಿಟ್ಟು.

ಅಚ್ಚಗನ್ನಡ, ಕಲಬುರಗಿ

'-ಈಕರಣ' ಬಾಲ ಹಚ್ಚಿದ ಪದ ಯಾವುದೂ ಬೇಡ. ಬೇರಿಗೆ ಹೋಗಿ. ಲ್ಯಾಟಿನ್‌ನಲ್ಲಿ 'ನೋರ್ಮಾ' ಅಂದರೆ ಬಡಗಿಯ ಮೂಲೆಮಟ್ಟ. ಇಂಗ್ಲಿಷಿನ 'ನಾರ್ಮಲ್' ಹುಟ್ಟಿದ್ದು ಅಲ್ಲಿಂದ. ಹಾಗಾಗಿ 'ಮಟ್ಟಗೊಳಿಕೆ'. ಒಂದನೇ ಮಟ್ಟ, ಎರಡನೇ ಮಟ್ಟ, ಮೂರನೇ ಮಟ್ಟ. ಮುಗಿಯಿತು.

ಕರೇಜ್, ಬೀದರ

ಅಕ್ಕಾರೆ, ನಾನು ಕಂದಾಯ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು. ರಿಲೇಶನಲ್ ಅಂದಿರಿ. ಟೇಬಲ್ ಟೇಬಲ್ ನಡುವೆ ಸಂಬಂಧ ಬೆಳೆಸೋದು, ವಂಶವೃಕ್ಷದ ಹಾಗೆ. ಆದ್ದರಿಂದ 'ಸಂಬಂಧ ಸುಧಾರಣೆ' ಅಂದರೆ ಹೇಗೆ? ಇನ್ನೊಂದು ಮಾತು. ಟೇಬಲ್‌ಗೆ 'ಕೋಷ್ಟಕ' ಬರೆಯಬೇಡಿ. ನಮ್ಮ ಕಚೇರಿಯಲ್ಲಿ 'ತಖ್ತೆ' ಅನ್ನುತ್ತಿದ್ದೆವು. ಎಲ್ಲರಿಗೂ ತಿಳಿಯುತ್ತದೆ.

ತೊಗರಿಕಾಳು, ಕಲಬುರಗಿ

ಸಂಬಂಧ ಸುಧಾರಣೆ ಅಂದದ್ದು ತಮಾಷೆಯಾಗಿ ಕಂಡರೂ ಪೂರ್ತಿ ತಪ್ಪಲ್ಲ. 'ನಾರ್ಮಲೈಜೇಶನ್' ಪದ ಕೊಟ್ಟವರು ರಿಲೇಶನಲ್ ಡೇಟಾಬೇಸ್ ಹುಟ್ಟುಹಾಕಿದ ಕಾಡ್. ಅಮೆರಿಕದ ಅಧ್ಯಕ್ಷ ನಿಕ್ಸನ್ ಆಗ ಚೀನಾ ಜೊತೆ ರಿಲೇಶನ್ಸ್ ನಾರ್ಮಲೈಜ್ ಮಾಡುತ್ತೇನೆ ಅನ್ನುತ್ತಿದ್ದರಲ್ಲ, ಅದರಿಂದಲೇ ಎತ್ತಿಕೊಂಡದ್ದು. ಮತ್ತೆ ಮೇಡಂ, 1ನೇ ಫಾರ್ಮ್ ಅಂದರೆ ಪುನರಾವರ್ತನೆ ತೆಗೆಯೋದು ಅಂತ ಬರೆಯಿರಿ. ದರವನ್ನು ಮಾಲಿನ ಟೇಬಲ್‌ಗೆ ಹಾಕಿಬಿಡಿ. ನಾನು ದಿನಾ ಇದೇ ಕೆಲಸ ಮಾಡುವವನು.

ಮಳಖೇಡ, ಕಲಬುರಗಿ

ದಿನಾ ಮಾಡುವವರು ದರವನ್ನು ಮಾಲಿಗೆ ಕಟ್ಟುತ್ತಾರಾ?

ಮೊದಲು ಆ ಕಥೆ. ಚೀನಾದ ಮಾತನ್ನು ಕಾಡ್ ಅವರೇ ಹೇಳಿದ್ದಾರೆ, ನಿಜ. ಆದರೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಪದ 1970ರ ಅವರ ಲೇಖನದಲ್ಲೇ ಇದೆ. ನಿಕ್ಸನ್ ಚೀನಾಕ್ಕೆ ಹೋದದ್ದು 1972ರ ಫೆಬ್ರವರಿಯಲ್ಲಿ. ಕಾಡ್ 2ನೇ, 3ನೇ ಫಾರ್ಮ್ ಹೇಳಿದ್ದೂ ಅದಕ್ಕೆ ಮುಂಚೆ, 1971ರಲ್ಲಿ. ಅದನ್ನು ನಂಬಿ ಪದ ಕಟ್ಟಬೇಡಿ.

ಬೀದರ ಸರ್, ರಿಲೇಶನ್ ಅಂದರೆ ಟೇಬಲ್‌ಗಳ ನಡುವಿನ ನಂಟಲ್ಲ. ಒಂದೊಂದು ಟೇಬಲ್ಲೇ ಒಂದು ರಿಲೇಶನ್. ಬಹಳ ಜನ ಇಲ್ಲೇ ಎಡವುತ್ತಾರೆ. 'ತಖ್ತೆ' ಮಾತ್ರ ಚೆನ್ನಾಗಿದೆ. ನನ್ನ ಓಟು ಅದಕ್ಕೆ.

ಮೇಡಂ, ಹೆಜ್ಜೆ ಸರಿ ಕೂತರೆ ಪದ ತಾನಾಗಿ ಸಿಗುತ್ತದೆ. ನಿಮ್ಮ ಕೊನೆಯ ಕಾಲಂ ನೋಡಿ. ಒಂದೇ ಮನೆಯಲ್ಲಿ ತೊಗರಿಯೂ ಇದೆ, ಹೆಸರೂ ಇದೆ. ಅದನ್ನು ಸಾಲು ಸಾಲಾಗಿ ಬಿಡಿಸಿದರೆ 1ನೇ ಫಾರ್ಮ್. ಮಾಲಿಗೆ ಒಂದು ಕೋಡ್ ಕೊಡಿ. ಈಗ ನಾಲ್ಕು ಸಾಲಾಯಿತು. ಸಾಲನ್ನು ಗುರುತಿಸಲು ಪಟ್ಟಿ ನಂಬರ್, ಮಾಲಿನ ಕೋಡ್ ಎರಡೂ ಬೇಕು. ಆದರೆ ಇಲ್ಲಿ ಪುನರಾವರ್ತನೆ ಕಡಿಮೆ ಆಗಲಿಲ್ಲ, ಜಾಸ್ತಿಯೇ ಆಯಿತು. 101ನೇ ಪಟ್ಟಿಯ ಮಲ್ಲಪ್ಪ ಒಂದು ಸಲ ಇದ್ದವನು ಈಗ ಎರಡು ಸಲ ಬಂದ. ಹುಡುಗರು ಇದನ್ನು ಕೇಳೇ ಕೇಳುತ್ತಾರೆ.

2ನೇ ಹೆಜ್ಜೆ: ಆ ಎರಡು ಕಾಲಂ ಕೀಯಲ್ಲಿ ಅರ್ಧವನ್ನಷ್ಟೇ ನೆಚ್ಚಿಕೊಂಡವು ಯಾವು? ದಿನ, ರೈತ, ಊರು, ತಾಲ್ಲೂಕು ಬರೀ ಪಟ್ಟಿ ನಂಬರಿಗೆ ಸೇರಿದವು. ಮಾಲಿನ ಹೆಸರು ಬರೀ ಕೋಡಿಗೆ ಸೇರಿದ್ದು. ಅವನ್ನು ಬೇರೆ ತಖ್ತೆಗೆ ಕಳಿಸಿ. ಉಳಿಯುವುದು ಚೀಲ ಮತ್ತು ದರ. ದರ ಏಕೆ ಉಳಿಯಿತು ಅಂದರೆ, ನಿಮ್ಮ ತೊಗರಿಗೇ ಮೂರು ಪಟ್ಟಿಯಲ್ಲಿ ಮೂರು ದರ ಇದೆ. ಟೆಂಡರಿನಲ್ಲಿ ದರ ಬೀಳುವುದು ಆ ದಿನದ, ಆ ರೈತನ ಮಾಲಿಗೆ. ಅದನ್ನು ಮಾಲಿನ ತಖ್ತೆಗೆ ಹಾಕಿದರೆ ನಾಳೆ ದರ ತಿದ್ದಿದ ಕೂಡಲೇ ಜನವರಿಯ ಪಟ್ಟಿಯ ದುಡ್ಡೂ ಬದಲಾಗುತ್ತದೆ. ರೈತ ಹಳೇ ಪಟ್ಟಿ ಹಿಡಿದು ಬಂದು ಜಗಳಕ್ಕೆ ನಿಲ್ಲುತ್ತಾನೆ.

3ನೇ ಹೆಜ್ಜೆ ನಿಮ್ಮ ಟೇಬಲ್‌ನಲ್ಲೇ ಕೂಗಿ ಹೇಳುತ್ತಿದೆ. ಕೊಡೇಕಲ್ 101ರಲ್ಲಿ ಹುಣಸಗಿ ತಾಲ್ಲೂಕು, 103ರಲ್ಲಿ ಸುರಪುರ. ಬೇಕಂತಲೇ ಹಾಕಿದ್ದೀರಾ?

ಭೀಮಾತೀರ, ಯಾದಗಿರಿ

ಇಲ್ಲ ಸರ್! ಹಳೇ ಅಭ್ಯಾಸ. ಸುರಪುರ ಅಂತಲೇ ಕೈ ಬರೆದುಬಿಡುತ್ತದೆ.

ಮಳಖೇಡ, ಕಲಬುರಗಿ

ಹಾಗೇ ಬಿಡಿ, ತಿದ್ದಬೇಡಿ. ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ. ಸುರಪುರದಿಂದ ಹುಣಸಗಿ ಬೇರೆ ತಾಲ್ಲೂಕಾದಾಗ ಕೆಲವು ಸಾಲು ತಿದ್ದಿ ಕೆಲವು ಮರೆತರೆ ಹೀಗೇ ಆಗುತ್ತದೆ. ಪಟ್ಟಿಯಿಂದ ರೈತ, ರೈತನಿಂದ ಊರು, ಊರಿನಿಂದ ತಾಲ್ಲೂಕು. ತಾಲ್ಲೂಕಿಗೆ ಪಟ್ಟಿಯ ಜೊತೆ ನೇರ ಲೆಕ್ಕವೇ ಇಲ್ಲ, ಕೈಯಿಂದ ಕೈಗೆ ದಾಟಿ ಬಂದದ್ದು. ಅದನ್ನು ಕತ್ತರಿಸಿದರೆ ಹೀಗೆ ನಿಲ್ಲುತ್ತದೆ:

```
ಪಟ್ಟಿ     (ಪಟ್ಟಿ ನಂ, ದಿನ, ರೈತ)
ಪಟ್ಟಿಸಾಲು (ಪಟ್ಟಿ ನಂ, ಮಾಲು, ಚೀಲ, ದರ)
ಮಾಲು    (ಮಾಲು, ಮಾಲಿನ ಹೆಸರು)
ರೈತ     (ರೈತ, ರೈತನ ಹೆಸರು, ಊರು)
ಊರು     (ಊರು, ತಾಲ್ಲೂಕು)
```

ಈಗ ಕೊಡೇಕಲ್ ಒಂದೇ ಸಾಲು. ತಿದ್ದಿದರೆ ಒಂದೇ ಕಡೆ. ಇಂಥ ಗೋಜಲು ಬಿಡಿಸದ ಟೇಬಲ್‌ನಲ್ಲಿ ಇದೆಯೋ ಅಂತ ಹುಡುಕಲು ಹುಡುಗರಿಗೆ ಇದನ್ನು ಕೊಡಿ:

```sql
SELECT uru FROM patti
GROUP BY uru
HAVING COUNT(DISTINCT taluku) > 1;
```

ಇದು ಕೊಡೇಕಲ್ ಅನ್ನು ಹಿಡಿದುಕೊಡುತ್ತದೆ. ಏನೂ ಬರದಿದ್ದರೆ ಮಾತ್ರ ಎಲ್ಲ ಸರಿ ಇದೆ ಅನ್ನುವಂತಿಲ್ಲ. ಇನ್ನೂ ತಪ್ಪು ಬಿದ್ದಿಲ್ಲ ಅಂತ ಅಷ್ಟೇ.

ಕರೇಜ್, ಬೀದರ

ಒಂದು ನಿಮಿಷ. ಊರಿನಿಂದ ತಾಲ್ಲೂಕು ಅಂದಿರಿ. ನಾನು ಮೂವತ್ತು ವರ್ಷ ಪಹಣಿ ನೋಡಿದವನು. ಒಂದೇ ಹೆಸರಿನ ಊರು ಎರಡೆರಡು ತಾಲ್ಲೂಕಿನಲ್ಲಿ ಇರುತ್ತವೆ. ಬರೀ ಹೆಸರು ನೋಡಿ ಅರ್ಜಿ ಬೇರೆ ಕಡೆ ಹೋದದ್ದು, ಪಾಪ ಆ ಮುದುಕ ಮೂರು ಸಲ ಬಸ್ ಹತ್ತಿದ್ದು ನನಗಿನ್ನೂ ನೆನಪಿದೆ.

ಮಳಖೇಡ, ಕಲಬುರಗಿ

ಸರ್, ಇದು ಸರಿಯಾದ ಏಟು. ಹಾಗಿದ್ದರೆ ಊರಿನ ಹೆಸರು ಕೀ ಆಗಲ್ಲ, ಊರಿಗೂ ಕೋಡ್ ಬೇಕು. ನಾನು ಕೊಟ್ಟ ಕ್ವೆರಿಯೂ ನಿಜವಾಗಿ ಎರಡು ಬೇರೆ ಊರನ್ನು ತಪ್ಪು ಅಂತ ತೋರಿಸಬಹುದು. ಯಾವುದು ಯಾವುದನ್ನು ನೆಚ್ಚಿದೆ ಅನ್ನುವುದು ಮೂರು ಸಾಲು ಡೇಟಾದಲ್ಲಿ ಕಾಣುವುದಿಲ್ಲ. ನಿಮ್ಮಂಥವರನ್ನು ಕೇಳಬೇಕು.

ಅಚ್ಚಗನ್ನಡ, ಕಲಬುರಗಿ

ಪದದ ಮಾತು ಎಲ್ಲಿ ಹೋಯಿತು? 'ತಖ್ತೆ' ಪಾರಸಿ. 'ಪಹಣಿ', 'ಟೆಂಡರ್', 'ಕ್ವೆರಿ', 'ಕೋಡ್'. ಇದು ಕನ್ನಡದ ಬಳಗವೋ, ಸಂತೆಯೋ?

ಅಡತ್ ಅಂಗಡಿ, ಯಾದಗಿರಿ

ಸಂತೆಯೇ ಅನ್ಕೊಳ್ರಿ. ನಾವು ಖಾತೆ, ರಶೀದಿ, ಬಾಕಿ ಅಂತ ಬರೆದೇ ಬದುಕುತ್ತಿರೋದು. ನಮ್ಮ ಅಜ್ಜನೂ ಹಾಗೇ ಬರೆದ. ಅದನ್ನು ಬಿಟ್ಟರೆ ನಾಳೆ ಅಂಗಡಿ ಬಾಗಿಲು ತೆಗೆಯೋ ಹಾಗಿಲ್ಲ.

ನನಗೆ ನಿಮ್ಮ ಕಂಪ್ಯೂಟರ್ ಗೊತ್ತಿಲ್ಲ, ಪಟ್ಟಿ ಗೊತ್ತು. ಒಂದೇ ರೈತ ಎರಡು ಲಾಟ್ ತೊಗರಿ ತರುತ್ತಾನೆ. ಒಂದು ಒಳ್ಳೇದು, ಒಂದು ಮಳೆಗೆ ಸಿಕ್ಕಿ ಕಪ್ಪಾದದ್ದು. ಎರಡಕ್ಕೂ ಬೇರೆ ದರ ಬೀಳುತ್ತದೆ, ಪಟ್ಟಿ ಮಾತ್ರ ಒಂದೇ. ನಿಮ್ಮ 'ಪಟ್ಟಿಸಾಲು' ಇದನ್ನು ಹೇಗೆ ಬರೆದುಕೊಳ್ಳುತ್ತದೆ? ನಮಗೆ ಸಾಫ್ಟ್‌ವೇರ್ ಮಾಡಿಕೊಟ್ಟವರದು ಎರಡನೇ ಲಾಟ್ ತಗೊಳ್ಳಲ್ಲ ಅನ್ನುತ್ತೆ. ಹುಡುಗ ಅದನ್ನು ಹೆಸರು ಅಂತ ಏರಿಸಿ ಕೂತಿದ್ದ.

ತೊಗರಿಕಾಳು, ಕಲಬುರಗಿ

ದರದ ವಿಷಯ ನಾನು ಒಪ್ಪಿದೆ, ತಪ್ಪು ನನ್ನದೇ. ಲಾಟ್‌ಗೆ ಉಪಾಯ ಸುಲಭ. ಪಟ್ಟಿಯೊಳಗೆ 1, 2, 3 ಅಂತ ಸಾಲು ನಂಬರ್ ಕೊಡಿ. ಪಟ್ಟಿ ನಂಬರ್, ಸಾಲು ನಂಬರ್ ಸೇರಿ ಕೀ. ಉಳಿದದ್ದೇನೂ ಬದಲಾಗಲ್ಲ.

ಮಳಖೇಡ, ಕಲಬುರಗಿ

ತಖ್ತೆಗಳು ಬದಲಾಗಲ್ಲ, ವಿವರಣೆ ಬದಲಾಗುತ್ತದೆ. ಮಾಲಿನ ಕೋಡ್ ಈಗ ಕೀಯ ಭಾಗವಲ್ಲ. ಹಾಗಾಗಿ ಮಾಲಿನ ಹೆಸರು ಅರ್ಧ ಕೀಯನ್ನು ನೆಚ್ಚಿದ್ದಲ್ಲ, ಕೋಡ್ ಮೂಲಕ ದಾಟಿ ಬಂದದ್ದು. ಮೊದಲು 2ನೇ ಹೆಜ್ಜೆಯಲ್ಲಿ ಹೊರಬಿದ್ದದ್ದು ಈಗ 3ನೇ ಹೆಜ್ಜೆಯಲ್ಲಿ ಹೊರಬೀಳುತ್ತದೆ. ಮೇಡಂ, ಫ್ಲೆಕ್ಸಿಗೆ ಯಾವುದನ್ನು ಹಾಕುತ್ತೀರೋ ನೋಡಿ. ಒಂದು ಪಟ್ಟಿಗೆ ಒಂದು ಮಾಲು ಒಂದೇ ಸಲ ಅಂತ ಬರೆದರೆ ಮೊದಲಿನದೇ ನಡೆಯುತ್ತದೆ. ಅಂಗಡಿಯವರು ನಗುತ್ತಾರೆ, ಅಷ್ಟೇ.

ಇನ್ನು ಪದ. 'ಮಟ್ಟಗೊಳಿಕೆ' ಬೇಡ, ಓದಿದವರು ನೆಲ ಸಮ ಮಾಡುವುದು ಅನ್ಕೊಳ್ಳುತ್ತಾರೆ. ನನಗೆ 'ಹಸನು ಮಾಡುವುದು' ಅಂತ ಹೊಳೆದಿತ್ತು, ಕಾಳು ಹಸನು ಮಾಡಿದ ಹಾಗೆ. ಆದರೆ ಡೇಟಾ ಕ್ಲೀನಿಂಗ್ ಅಂತ ಬೇರೆ ಕೆಲಸವೇ ಇದೆ, ಅದಕ್ಕೆ ಬೇಕಾಗುತ್ತದೆ. 'ತಖ್ತೆ ಬಿಡಿಸುವುದು' ಸಾಕು.

ಅಚ್ಚಗನ್ನಡ, ಕಲಬುರಗಿ

ಬಿಡಿಸುವುದು ದಾರಿ, ಗುರಿಯಲ್ಲ. ಸುಮ್ನೆ ಯಾವ ತಖ್ತೆಯನ್ನಾದರೂ ಬಿಡಿಸಿದರೆ ಅದು ನಾರ್ಮಲ್ ಆಗುತ್ತದೆಯೇ?

ಮಳಖೇಡ, ಕಲಬುರಗಿ

ಇಲ್ಲ. ಅಲ್ಲಿ ನೀವು ಸರಿ.

ಕರೇಜ್, ಬೀದರ

'ಕೀ'ಗೆ 'ಕೀಲಿ' ಅಂತ ಮಾತ್ರ ಹಾಕಬೇಡಿ ಅಕ್ಕಾರೆ. ಬೆಂಗಳೂರಿನ ಪುಸ್ತಕದಲ್ಲಿ ಏನಾದರೂ ಇರಲಿ, ನಮ್ಮ ಕಡೆ ಕೀಲಿ ಅಂದರೆ ಬೀಗ. ತೆಗೆಯೋದು ಕೀಲಿಕೈ.

ತೊಗರಿಕಾಳು, ಕಲಬುರಗಿ

ಹೌದಲ್ಲ! ಡೇಟಾಬೇಸಿನಲ್ಲಿ ಲಾಕ್ ಅಂತ ಬೇರೆ ಇದೆ. ಎರಡಕ್ಕೂ ಕೀಲಿ ಅಂದರೆ ಹುಡುಗರ ಗತಿ?

ಭೀಮಾತೀರ, ಯಾದಗಿರಿ

ಫ್ಲೆಕ್ಸ್ 4:50ಕ್ಕೆ ಕೊಟ್ಟು ಬಂದೆ. ತಲೆಬರಹ 'ತಖ್ತೆ ಬಿಡಿಸುವ ಮೂರು ಹೆಜ್ಜೆ', ಕೆಳಗೆ ಸಣ್ಣದಾಗಿ 'ನಾರ್ಮಲೈಜೇಶನ್'. 'ಕೀ' ಕೀಯಾಗಿಯೇ ಇದೆ. ಕೊಡೇಕಲ್ ಎರಡು ತಾಲ್ಲೂಕಿನಲ್ಲಿ ಹಾಗೇ ಇದೆ, ಕೆಂಪು ಬಣ್ಣದಲ್ಲಿ. ಊರಿಗೆ ಕೋಡ್ ಹಾಕಲು ಜಾಗ ಸಾಲಲಿಲ್ಲ, ಸಾಲು ನಂಬರ್ ಮಾತ್ರ ಸೇರಿಸಿದೆ. ಆದರೆ ಮಾಲಿನ ಹೆಸರನ್ನು 2ನೇ ಹೆಜ್ಜೆಯಲ್ಲೇ ಬಿಟ್ಟು ಬಂದಿದ್ದೇನೆ ಅಂತ ಮನೆಗೆ ಬಂದ ಮೇಲೆ ಹೊಳೆಯಿತು.

ಇನ್ನೊಂದು. ಅಂಗಡಿ ಹುಡುಗ ಫೋನ್ ಮಾಡಿ ಕೇಳಿದ: "ಮೇಡಂ, ಒಂದು ಕಾಲಂ ಮೇಲೆ 'ಹೆಸರು' ಅಂತಿದೆ, ಕೆಳಗೆ ಬರೀ ಮನುಷ್ಯರಿದ್ದಾರೆ. ಕಾಳು ಇನ್ನೊಂದು ಕಾಲಂನಲ್ಲಿದೆ. ಅದಲು ಬದಲು ಆಗಿದೆಯಾ?"

ಅಚ್ಚಗನ್ನಡ, ಕಲಬುರಗಿ

'ರೈತನ ಹೆಸರು' ಅಂತ ತಿದ್ದಿಸಿ. ತಖ್ತೆ ತೆಗೆಸಿ.